ಕಪ್ಪು, ಕೆಂಪು, ಬಿಳಿಚು: ಮಲದ ಬಣ್ಣ ಬದಲಾದಾಗ ಏನು ನೋಡಬೇಕು, ಏನು ಮಾಡಬೇಕು

ನಾನು ಎಂಡೋಸ್ಕೋಪಿ ವಿಭಾಗದಲ್ಲಿ ನರ್ಸ್. ಹೊಟ್ಟೆಯೊಳಗೆ ರಕ್ತ ಸೋರಿ ಬಂದವರನ್ನು ದಿನವೂ ನೋಡುತ್ತೇನೆ. ಅವರಲ್ಲಿ ಬಹಳ ಜನ ಎರಡು ಮೂರು ದಿನ ತಡವಾಗಿ ಬಂದಿರುತ್ತಾರೆ. ಯಾಕೆ ತಡವಾಯಿತು ಎಂದು ಕೇಳಿದರೆ ಒಂದೇ ಉತ್ತರ. ಬಣ್ಣ ಬದಲಾದದ್ದು ಕಂಡಿತ್ತು, ಆದರೆ ಯಾರ ಹತ್ತಿರ ಹೇಳುವುದು, ಹೇಗೆ ಹೇಳುವುದು ಎಂಬ ಸಂಕೋಚ. ಅದಕ್ಕೇ ಇಲ್ಲಿ ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ. ಹೆಚ್ಚಿನ ಜಾಗ ಕಪ್ಪು ಬಣ್ಣಕ್ಕೆ ಕೊಟ್ಟಿದ್ದೇನೆ. ಜನ ತಪ್ಪಾಗಿ ತಿಳಿಯುವುದು ಅದನ್ನೇ ಜಾಸ್ತಿ.

ಮೊದಲು ಒಂದು ಸಣ್ಣ ವಿಷಯ ಗೊತ್ತಿರಬೇಕು. ಮಲಕ್ಕೆ ಕಂದು ಬಣ್ಣ ಬರುವುದು ಊಟದಿಂದಲ್ಲ, ಪಿತ್ತದಿಂದ. ಲಿವರ್ ತಯಾರಿಸುವ ಹಳದಿ ಹಸಿರು ಪಿತ್ತ ಒಂದು ಸಣ್ಣ ನಾಳದ ಮೂಲಕ ಕರುಳಿಗೆ ಇಳಿಯುತ್ತದೆ. ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಬದಲಾಯಿಸಿದ ಮೇಲೆ ಕಂದು ಬಣ್ಣ ಹುಟ್ಟುತ್ತದೆ. ಹಾಗಾಗಿ ತಿಳಿ ಕಂದು, ಕಡು ಕಂದು, ಹಳದಿ ಛಾಯೆ, ಸೊಪ್ಪು ಜಾಸ್ತಿ ತಿಂದ ಮರುದಿನದ ಹಸಿರು, ಇವೆಲ್ಲ ಸಾಮಾನ್ಯ. ಭೇದಿಯಾದಾಗ ಹಸಿರಾಗುವುದೂ ಅಷ್ಟೆ. ಪಿತ್ತ ಬಣ್ಣ ಬದಲಾಯಿಸುವಷ್ಟು ಹೊತ್ತು ಕರುಳಿನಲ್ಲಿ ನಿಲ್ಲಲಿಲ್ಲ ಎಂದರ್ಥ. ಗಮನ ಕೊಡಬೇಕಾದ ಬಣ್ಣ ಮೂರೇ. ಡಾಂಬರಿನಂಥ ಕಪ್ಪು, ರಕ್ತದ ಕೆಂಪು, ಜೇಡಿಮಣ್ಣಿನಂಥ ಬಿಳಿಚು.

ದೊಡ್ಡಮ್ಮನ ಫೋನು

ಕಳೆದ ವರ್ಷ ಕಾರ್ತಿಕದಲ್ಲಿ ಒಂದು ಸಂಜೆ ಅರಸೀಕೆರೆ ಕಡೆಯ ಹಳ್ಳಿಯಿಂದ ದೊಡ್ಡಮ್ಮ ಫೋನ್ ಮಾಡಿದರು. ಮನೆಯವರ ಕುಶಲವೆಲ್ಲ ಕೇಳಿ ಮುಗಿಸಿದ ಮೇಲೆ, ಮಾತಿನ ಕೊನೆಯಲ್ಲಿ ಹೇಳಿದರು. "ನಿಮ್ಮ ದೊಡ್ಡಪ್ಪಂಗೆ ಎರಡು ದಿನದಿಂದ ಕಕ್ಕಸು ಕಪ್ಪಗೆ ಆಗ್ತಿದೆಯಂತೆ ಕಣಮ್ಮ. ಐರನ್ ಮಾತ್ರೆ ತಗೋತಾರಲ್ಲ, ಅದಕ್ಕೇ ಇರಬೇಕು ಬಿಡು."

ಇರಬಹುದು. ಕಬ್ಬಿಣಾಂಶದ ಮಾತ್ರೆ ತಿಂದರೆ ಮಲ ಕಪ್ಪಾಗುವುದು ನಿಜ. ಬಸುರಿಯರಿಗೆ ಆಶಾ ಕಾರ್ಯಕರ್ತೆಯರು ಕೊಡುವ ಕೆಂಪು ಮಾತ್ರೆ ನುಂಗಿದವರಿಗೆಲ್ಲ ಇದು ಗೊತ್ತು. ಆದರೆ ದೊಡ್ಡಪ್ಪನಿಗೆ 66 ವರ್ಷ. ಹೃದಯಕ್ಕೆ ಸ್ಟೆಂಟ್ ಹಾಕಿಸಿ 4 ವರ್ಷವಾಗಿತ್ತು. ಹಾಗಾಗಿ ನಾನು ಸುಮ್ನೆ ಬಿಡಲಿಲ್ಲ. ಫೋನಿನಲ್ಲೇ ಕೆಲವು ಪ್ರಶ್ನೆ ಕೇಳಿದೆ. ಅವೇ ಪ್ರಶ್ನೆಗಳನ್ನು, ಕೇಳಿದ ಅನುಕ್ರಮದಲ್ಲೇ, ಇಲ್ಲಿ ಕೊಡುತ್ತೇನೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ ನೀವೂ ಹೀಗೇ ಕೇಳಬಹುದು.

ಹೆಜ್ಜೆ 1: ಬಣ್ಣಕ್ಕಿಂತ ಮೊದಲು ಅಂಟು ಮತ್ತು ವಾಸನೆ

"ಗಟ್ಟಿಯಾಗಿ ತುಂಡು ತುಂಡಾಗಿ ಆಗುತ್ತಾ, ಇಲ್ಲ ಡಾಂಬರಿನ ತರಹ ಅಂಟಂಟಾಗಿ ಆಗುತ್ತಾ?" ಇದು ನನ್ನ ಮೊದಲ ಪ್ರಶ್ನೆ. ಐರನ್ ಮಾತ್ರೆಯಿಂದ ಕಪ್ಪಾದ ಮಲ ಸಾಮಾನ್ಯವಾಗಿ ಗಟ್ಟಿಯಾಗಿ, ಒಣಗಿದಂತೆ ಇರುತ್ತದೆ. ತೆಳುವಾಗಿ ಹರಡಿದ ಕಡೆ ನೋಡಿದರೆ ಕಡು ಹಸಿರು ಛಾಯೆ ಕಾಣುತ್ತದೆ. ಹೊಳಪು ಇರುವುದಿಲ್ಲ. ವಾಸನೆ ಎಂದಿನಂತೆಯೇ ಇರುತ್ತದೆ. ಒಂದು ಚೆಂಬು ನೀರು ಹಾಕಿದರೆ ಹೋಗಿಬಿಡುತ್ತದೆ.

ರಕ್ತದಿಂದ ಕಪ್ಪಾದದ್ದು ಬೇರೆ ಥರ. ರಸ್ತೆಗೆ ಹಾಕುವ ಬಿಸಿ ಡಾಂಬರಿನಂತೆ ಮಿನುಗುತ್ತದೆ. ಮೆತ್ತಗೆ, ಜಿಗುಟಾಗಿ ಇರುತ್ತದೆ. ಬೇಸಿನ್ನಿಗೆ ಅಂಟಿ, ಎರಡು ಮೂರು ಬಾರಿ ನೀರು ಹಾಕಿದರೂ ಗುರುತು ಉಳಿಯುತ್ತದೆ. ವಾಸನೆ ಬಹಳ ಕೆಟ್ಟದಾಗಿ, ಕೊಳೆತ ಹಾಗೆ ಇರುತ್ತದೆ. ಆ ವಾಸನೆ ಒಮ್ಮೆ ಗೊತ್ತಾದವರು ಮತ್ತೆ ಮರೆಯುವುದಿಲ್ಲ. ನಮ್ಮ ವಾರ್ಡಿನಲ್ಲಿ ರೋಗಿ ಬಾಗಿಲು ದಾಟಿ ಬರುವಾಗಲೇ ಹಳೆಯ ಸಿಸ್ಟರ್‌ಗಳು ಗುರುತು ಹಿಡಿಯುತ್ತಾರೆ.

ಹೀಗೆ ಕಪ್ಪಾಗುವುದು ಯಾಕೆ ಎಂದರೆ, ಜಠರದಲ್ಲೋ ಸಣ್ಣ ಕರುಳಿನ ಆರಂಭದಲ್ಲೋ ಸೋರಿದ ರಕ್ತ ಕೆಳಗಿಳಿದು ಬರಲು ಗಂಟೆಗಟ್ಟಲೆ ಬೇಕು. ದಾರಿಯಲ್ಲಿ ಜಠರದ ಆಮ್ಲ, ಕರುಳಿನ ರಸ, ಬ್ಯಾಕ್ಟೀರಿಯಾ ಎಲ್ಲ ಸೇರಿ ರಕ್ತದ ಕೆಂಪನ್ನು ಕಪ್ಪು ಮಾಡುತ್ತವೆ. ಒಂದರ್ಥದಲ್ಲಿ ಅದು ಜೀರ್ಣವಾದ ರಕ್ತ. 50ರಿಂದ 100 ಮಿಲಿಲೀಟರ್ ರಕ್ತ ಸೋರಿದರೂ ಸಾಕು, ಮಲ ಡಾಂಬರಾಗುತ್ತದೆ. ಹೋಟೆಲಿನ ಸಣ್ಣ ಟೀ ಲೋಟದಲ್ಲಿ ಅರ್ಧದಿಂದ ಒಂದು ಲೋಟ ಅಷ್ಟೆ. ಹೊಟ್ಟೆ ನೋಯಲೇಬೇಕು ಅಂತೇನೂ ಇಲ್ಲ. ನೋವೇ ಇಲ್ಲದೆ ಸೋರುವ ಹುಣ್ಣುಗಳು ಬೇಕಾದಷ್ಟಿವೆ, ವಯಸ್ಸಾದವರಲ್ಲಂತೂ ಇನ್ನೂ ಜಾಸ್ತಿ.

ದೊಡ್ಡಮ್ಮ ಫೋನು ದೊಡ್ಡಪ್ಪನ ಕೈಗೆ ಕೊಟ್ಟರು. ಅವರು ತುಸು ನಾಚಿಕೊಂಡೇ ಹೇಳಿದರು. "ಅಂಟಂಟೇ ಕಣಮ್ಮ. ಎರಡು ಬಕೆಟ್ ನೀರು ಹಾಕಿದೆ."

ಈ ಹೆಜ್ಜೆಯಲ್ಲೇ ಒಂದು ಕೆಲಸ ಮಾಡಿ. ಫೋನಿನ ಟಾರ್ಚ್ ಹಾಕಿಕೊಂಡು ಒಂದು ಫೋಟೋ ತೆಗೆಯಿರಿ. ಹಳ್ಳಿ ಮನೆಯ ಟಾಯ್ಲೆಟ್ಟಿನಲ್ಲಿ ಬೆಳಕು ಕಡಿಮೆ, ಕಡು ಕಂದು ಕೂಡ ಕಪ್ಪಾಗಿ ಕಾಣಬಹುದು. ಡಾಕ್ಟರಿಗೆ ಹತ್ತು ಮಾತಿಗಿಂತ ಆ ಒಂದು ಫೋಟೋ ಉಪಯೋಗಕ್ಕೆ ಬರುತ್ತದೆ. ಅವರು ಯಾರೂ ಅಸಹ್ಯ ಪಟ್ಟುಕೊಳ್ಳುವುದಿಲ್ಲ.

ಹೆಜ್ಜೆ 2: ಹಿಂದಿನ ಎರಡು ಮೂರು ದಿನ ಹೊಟ್ಟೆಗೆ ಹೋದದ್ದು

ಇಲ್ಲಿ ಎರಡು ಪಟ್ಟಿ ಬೇಕು. ಮಲವನ್ನು ಸುಮ್ಮನೆ ಕಪ್ಪು ಮಾಡುವ ವಸ್ತುಗಳದ್ದು ಒಂದು. ಐರನ್ ಮಾತ್ರೆ ಅಥವಾ ಟಾನಿಕ್, ಬಿಸ್ಮತ್ ಇರುವ ಹೊಟ್ಟೆಯ ಔಷಧಿ, ಜಾಸ್ತಿ ತಿಂದ ನೇರಳೆ ಹಣ್ಣು, ಕುರಿ ರಕ್ತದ ಪಲ್ಯ. ಹಲ್ಲು ಕೀಳಿಸಿದಾಗ ಅಥವಾ ಮೂಗಿನಿಂದ ರಕ್ತ ಬಂದಾಗ ಒಳಗೆ ನುಂಗಿದ ರಕ್ತವೂ ಕಪ್ಪಾಗಿಯೇ ಹೊರಬರುತ್ತದೆ.

ಇನ್ನೊಂದು ಪಟ್ಟಿ ಹೊಟ್ಟೆಯಲ್ಲಿ ಹುಣ್ಣು ಮಾಡುವ, ರಕ್ತ ಸೋರಿಸುವ ಔಷಧಿಗಳದ್ದು. ಇದರಲ್ಲಿ ಮೊದಲ ಹೆಸರು ನೋವಿನ ಮಾತ್ರೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನಾಪ್ರೊಕ್ಸೆನ್ ಇವೆಲ್ಲ ಒಂದೇ ಗುಂಪು. ಜಠರದ ಒಳಗೋಡೆಯನ್ನು ಆಮ್ಲದಿಂದ ಕಾಯುವ ಒಂದು ಲೋಳೆಯ ಪದರ ಇರುತ್ತದೆ. ಅದನ್ನು ಕಾಪಾಡುವ ವಸ್ತುವನ್ನೇ ಈ ಮಾತ್ರೆಗಳು ಕಡಿಮೆ ಮಾಡುತ್ತವೆ. ಊಟವಾದ ಮೇಲೆ ತಗೊಂಡರೆ ಏನೂ ಆಗುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಅದು ಸರಿಯಲ್ಲ. ಈ ಮಾತ್ರೆ ರಕ್ತಕ್ಕೆ ಸೇರಿದ ಮೇಲೂ ಜಠರದ ಮೇಲೆ ಕೆಲಸ ಮಾಡುತ್ತದೆ. ಸೂಜಿಯಲ್ಲಿ ಕೊಟ್ಟರೂ ಹುಣ್ಣಾಗಬಹುದು. ಪ್ಯಾರಾಸಿಟಮಾಲ್ ಈ ಗುಂಪಿನದಲ್ಲ. ಆದರೆ ಮೆಡಿಕಲ್ ಶಾಪಿನಲ್ಲಿ ಪ್ಯಾರಾಸಿಟಮಾಲ್ ಜೊತೆ ಅಸಿಕ್ಲೋಫೆನಾಕ್ ಸೇರಿಸಿದ ಒಂದೇ ಮಾತ್ರೆ ಸಿಗುತ್ತದೆ. ಸ್ಟ್ರಿಪ್ಪಿನ ಹಿಂದೆ ಬರೆದ ಎರಡೂ ಹೆಸರು ಓದಿ.

ಹೃದಯದವರು ತೆಗೆದುಕೊಳ್ಳುವ ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್ ಕೂಡ ಈ ಪಟ್ಟಿಗೆ ಸೇರುತ್ತವೆ. ಕುಡಿಯುವ ಅಭ್ಯಾಸ ಅಥವಾ ಲಿವರ್ ತೊಂದರೆ ಇದೆಯಾ ಎಂದೂ ಕೇಳಬೇಕು. ಲಿವರ್ ಗಟ್ಟಿಯಾದವರಿಗೆ ಅನ್ನನಾಳದ ರಕ್ತನಾಳಗಳು ಊದಿಕೊಂಡಿರುತ್ತವೆ. ಅವು ಒಡೆದರೆ ರಕ್ತ ಬಹಳ ವೇಗವಾಗಿ ಹೋಗುತ್ತದೆ.

ದೊಡ್ಡಪ್ಪನ ಉತ್ತರ ಕೇಳಿ ನನಗೆ ಎದೆ ಧಸಕ್ಕೆಂದಿತು. ದಿನಾ ಆಸ್ಪಿರಿನ್ 75 ಮಿಲಿಗ್ರಾಂ ಇದ್ದೇ ಇತ್ತು. ಅದರ ಮೇಲೆ, ತೆಂಗಿನಕಾಯಿ ಸುಲಿಸುವ ದಿನಗಳಲ್ಲಿ ಮಂಡಿನೋವು ಜಾಸ್ತಿಯಾಗಿ, ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ 12 ದಿನ ನುಂಗಿದ್ದರು. ಹೊಟ್ಟೆ ಕಾಯುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ಯಾವುದೂ ಇರಲಿಲ್ಲ. ಐರನ್ ಮಾತ್ರೆ ಶುರು ಮಾಡಿ ಎರಡು ತಿಂಗಳಾಗಿತ್ತು. ಇದು ಗಮನಿಸಬೇಕಾದ ಸಂಗತಿ. ಐರನ್ ಕಾರಣವಾಗಿದ್ದರೆ ಎರಡು ತಿಂಗಳಿಂದಲೂ ಕಪ್ಪಾಗಿರಬೇಕಿತ್ತು ಅಲ್ವಾ? ಎರಡೇ ದಿನದಿಂದ ಯಾಕೆ?

ಹೆಜ್ಜೆ 3: ಎದ್ದು ನಿಂತಾಗ ಏನಾಗುತ್ತದೆ

ಮಲ ಡಾಂಬರಿನಂತಿದೆ ಎಂದು ಖಚಿತವಾದರೆ ಆಸ್ಪತ್ರೆಗೆ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಎಷ್ಟು ಬೇಗ ಹೋಗಬೇಕು ಎಂಬುದನ್ನು ಈ ಪ್ರಶ್ನೆ ಹೇಳುತ್ತದೆ. ಮಲಗಿದ್ದವರು ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಾ? ತಣ್ಣನೆ ಬೆವರುತ್ತಾ? ಎದೆ ಡವಡವ ಹೊಡೆದುಕೊಳ್ಳುತ್ತಾ? ಮೂತ್ರ ಕಡಿಮೆಯಾಗಿದೆಯಾ? ಕೆಂಪು ರಕ್ತವೋ, ಕಾಫಿ ಪುಡಿಯ ಚರಟದಂಥದ್ದೋ ವಾಂತಿಯಾಯಿತಾ? ಇದರಲ್ಲಿ ಯಾವುದಕ್ಕಾದರೂ ಹೌದು ಎಂದರೆ ಆ ಕ್ಷಣವೇ 108ಕ್ಕೆ ಕರೆ ಮಾಡಬೇಕು. ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬಾರದು, ದಾರಿಯಲ್ಲಿ ತಲೆಸುತ್ತಿ ಬೀಳುತ್ತಾರೆ.

ದೊಡ್ಡಪ್ಪ ಬೆಳಿಗ್ಗೆ ಕಕ್ಕಸಿನಿಂದ ಏಳುವಾಗ ಗೋಡೆ ಹಿಡಿದುಕೊಂಡಿದ್ದರಂತೆ. "ಬಿಸಿಲಿಗೆ ಇರಬೇಕು" ಎಂದು ಅವರೇ ಸಮಾಧಾನ ಹೇಳಿಕೊಂಡಿದ್ದರು. ಕಾರ್ತಿಕದ ಬೆಳಿಗ್ಗೆ ಆರು ಗಂಟೆಗೆ ಬಿಸಿಲೆಲ್ಲಿ?

ಇಂಥವರಿಗೆ ನಾನು ತಪ್ಪದೆ ಹೇಳುವ ಮಾತೊಂದಿದೆ. ಟಾಯ್ಲೆಟ್ಟಿಗೆ ಹೋದಾಗ ಬಾಗಿಲ ಚಿಲಕ ಹಾಕಬೇಡಿ. ರಕ್ತ ಕಡಿಮೆಯಾದವರು ಪ್ರಜ್ಞೆ ತಪ್ಪಿ ಬೀಳುವುದು ಹೆಚ್ಚಾಗಿ ಅಲ್ಲೇ. ಕುಕ್ಕರಗಾಲಿನಲ್ಲಿ ಕೂತು ಎದ್ದಾಗ ತಲೆಗೆ ರಕ್ತ ಸಾಲದೆ ಬೀಳುತ್ತಾರೆ. ಒಳಗಿಂದ ಚಿಲಕ ಹಾಕಿದ್ದರೆ ಬಾಗಿಲು ಒಡೆಯಬೇಕಾಗುತ್ತದೆ. ಯಾರಾದರೂ ಹೊರಗೆ ನಿಂತಿರಲಿ.

ಹೆಜ್ಜೆ 4: ಹೊರಡುವ ಮೊದಲು ಮಾಡಬೇಕಾದ್ದು, ಮಾಡಬಾರದ್ದು

ನೋವಿನ ಮಾತ್ರೆ ತಕ್ಷಣ ನಿಲ್ಲಿಸಿ. ಊಟ ಕೊಡಬೇಡಿ. ಹೊಟ್ಟೆ ಖಾಲಿ ಇದ್ದರೆ ಎಂಡೋಸ್ಕೋಪಿ ಬೇಗ ಮಾಡಬಹುದು, ಒಳಗೆ ಚೆನ್ನಾಗಿ ಕಾಣುತ್ತದೆ. ಹಾಲು, ಗ್ಯಾಸಿನ ಗುಲಾಬಿ ಟಾನಿಕ್ ಕುಡಿಸಿ ನೋಡೋಣ ಎಂದು ಕಾಯಬೇಡಿ. ಸೋರುವ ರಕ್ತನಾಳವನ್ನು ಅವು ಮುಚ್ಚುವುದಿಲ್ಲ. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನು ಒಂದು ಕವರಿಗೆ ಹಾಕಿಕೊಳ್ಳಿ. ಹಳೆಯ ಹೃದಯದ ಫೈಲು, ರಕ್ತದ ಗುಂಪಿನ ಚೀಟಿ ಇದ್ದರೆ ಅದನ್ನೂ ಇಟ್ಟುಕೊಳ್ಳಿ.

ಆಸ್ಪಿರಿನ್ ವಿಷಯ ಸ್ವಲ್ಪ ಬೇರೆ. ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ತಾವಾಗಿ ನಿಲ್ಲಿಸಿ ಮನೆಯಲ್ಲೇ ಕೂತರೆ ಸ್ಟೆಂಟ್ ಮುಚ್ಚಿಕೊಳ್ಳುವ ಅಪಾಯ ಇದೆ. ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂದು ಆಸ್ಪತ್ರೆಯಲ್ಲಿ ತೀರ್ಮಾನಿಸುತ್ತಾರೆ. ನೀವು ಮಾಡಬೇಕಾದ್ದು, ಆವತ್ತೇ ಆಸ್ಪತ್ರೆ ಸೇರಿ ಆಸ್ಪಿರಿನ್ ತಗೊಳ್ಳುತ್ತಿದ್ದೇವೆ ಎಂದು ಬಾಯಿಬಿಟ್ಟು ಹೇಳುವುದು.

ಒಂದು ರಿಪೋರ್ಟು ಹೇಗೆ ದಾರಿ ತಪ್ಪಿಸಿತು

ದೊಡ್ಡಪ್ಪನ ಮಗ ಆ ರಾತ್ರಿ ಅವರನ್ನು ಮೊದಲು ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅಲ್ಲಿ ಹಿಮೋಗ್ಲೋಬಿನ್ 12.4 ಬಂತು. ನಾಡಿ 84. "ರಕ್ತ ಚೆನ್ನಾಗಿದೆ, ಗ್ಯಾಸ್ಟ್ರಿಕ್ ಅಷ್ಟೆ" ಎಂದು ಮಾತ್ರೆ ಬರೆದು ಮನೆಗೆ ಹೋಗಿ ಎಂದರು. ಅವನು ಖುಷಿಯಿಂದ ನನಗೆ ಫೋನ್ ಮಾಡಿದ. ಬೇಡ, ನೇರ ಎಂಡೋಸ್ಕೋಪಿ ಇರುವ ದೊಡ್ಡಾಸ್ಪತ್ರೆಗೆ ಹೋಗು ಎಂದು ನಾನು ಹಠ ಹಿಡಿದೆ.

ಯಾಕೆಂದರೆ ರಕ್ತ ಸೋರಿದ ಮೊದಲ ಗಂಟೆಗಳಲ್ಲಿ ಹಿಮೋಗ್ಲೋಬಿನ್ ನಿಜ ಹೇಳುವುದಿಲ್ಲ. ಒಂದು ಪಾತ್ರೆ ಸಾರಿನಿಂದ ನಾಲ್ಕು ಸೌಟು ತೆಗೆದರೆ ಉಳಿದ ಸಾರಿನ ರುಚಿ ಬದಲಾಗುವುದಿಲ್ಲ, ಪಾತ್ರೆಯಲ್ಲಿ ಸಾರು ಕಡಿಮೆಯಾಗುತ್ತದೆ ಅಷ್ಟೆ. ಕಡಿಮೆಯಾದಷ್ಟೂ ನೀರು ಬೆರೆಸಿದ ಮೇಲೆ ಸಾರು ತೆಳ್ಳಗಾಗುತ್ತದೆ. ದೇಹವೂ ಹೀಗೇ. ಸೋರಿದ ರಕ್ತದ ಜಾಗ ತುಂಬಲು ನಿಧಾನವಾಗಿ ನೀರಿನಂಶವನ್ನು ರಕ್ತನಾಳದೊಳಗೆ ಎಳೆದುಕೊಳ್ಳುತ್ತದೆ. ಅದಕ್ಕೆ ಒಂದರಿಂದ ಮೂರು ದಿನ ಬೇಕು. ಹಿಮೋಗ್ಲೋಬಿನ್ ಇಳಿದದ್ದು ಆಗ ಕಾಣುತ್ತದೆ. ಹಾಗಾಗಿ ಮೊದಲ ದಿನದ ಒಳ್ಳೆ ರಿಪೋರ್ಟು ನೋಡಿ ಸಮಾಧಾನ ಪಡಬಾರದು.

ನಾಡಿಯ ಲೆಕ್ಕವೂ ತಪ್ಪಿಸಿತ್ತು. ರಕ್ತ ಕಡಿಮೆಯಾದರೆ ಹೃದಯ ಬೇಗ ಬಡಿಯುತ್ತದೆ, ನಾಡಿ 100 ದಾಟುತ್ತದೆ. ಆದರೆ ದೊಡ್ಡಪ್ಪ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದರು. ಅದು ಹೃದಯ ಬೇಗ ಬಡಿಯದಂತೆ ಹಿಡಿದಿಡುವ ಔಷಧಿ. ಅದನ್ನು ತಗೊಳ್ಳುವವರ ನಾಡಿ 84 ಇದ್ದರೂ ಒಳಗೆ ತೊಂದರೆ ಇರಬಹುದು.

ದೊಡ್ಡಾಸ್ಪತ್ರೆ ಸೇರಿದ್ದು ರಾತ್ರಿ 11 ಗಂಟೆಗೆ. ಬೆಳಿಗ್ಗೆ ಹಿಮೋಗ್ಲೋಬಿನ್ 7.6ಕ್ಕೆ ಇಳಿದಿತ್ತು. ಹೃದಯದ ತೊಂದರೆ ಇದ್ದುದರಿಂದ ಎರಡು ಬಾಟಲಿ ರಕ್ತ ಕೊಟ್ಟರು. ಆಮ್ಲ ಕಡಿಮೆ ಮಾಡುವ ಔಷಧಿಯನ್ನು ನರಕ್ಕೆ ಹಾಕಿದರು. ಮಧ್ಯಾಹ್ನದೊಳಗೆ ಎಂಡೋಸ್ಕೋಪಿ ಆಯಿತು. ರಕ್ತ ಸೋರಿದವರಿಗೆ ಇದನ್ನು 24 ಗಂಟೆಯೊಳಗೆ ಮಾಡುವುದು ರೂಢಿ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಬೆರಳಿಗಿಂತ ತೆಳ್ಳಗಿನ ಕೊಳವೆಯನ್ನು ಬಾಯಿಂದ ಇಳಿಸುತ್ತಾರೆ. ಜಠರ ದಾಟಿದ ತಕ್ಷಣ ಸಿಗುವ ಸಣ್ಣ ಕರುಳಿನ ಮೊದಲ ತಿರುವಿನಲ್ಲಿ ಸುಮಾರು ಒಂದು ಸೆಂಟಿಮೀಟರ್ ಅಗಲದ ಹುಣ್ಣಿತ್ತು. ಅದರ ನಡುವೆ ಒಂದು ರಕ್ತನಾಳ ಮೊಳಕೆಯಂತೆ ಎದ್ದು ಕಾಣುತ್ತಿತ್ತು. ಅಲ್ಲಿ ಸೂಜಿಮದ್ದು ಕೊಟ್ಟು ಒಂದು ಕ್ಲಿಪ್ ಹಾಕಿದರು. ಹೊಟ್ಟೆ ಕೊಯ್ಯಲಿಲ್ಲ, ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು.

ಆಮೇಲೂ ಮೂರು ದಿನ ಮಲ ಕಪ್ಪಗೇ ಆಯಿತು. ದೊಡ್ಡಮ್ಮ ಗಾಬರಿಯಾದರು. ಇದು ಮೊದಲೇ ಗೊತ್ತಿರಲಿ. ಸೋರುವುದು ನಿಂತರೂ ಕರುಳಿನಲ್ಲಿ ಉಳಿದ ಹಳೆಯ ರಕ್ತ ಹೊರಬರಲು ಕೆಲವು ದಿನ ಬೇಕು. ದಿನೇದಿನೇ ಕಡಿಮೆಯಾಗುತ್ತಾ, ಗಟ್ಟಿಯಾಗುತ್ತಾ ಬಂದರೆ ಸರಿ. ನಿಂತದ್ದು ಮತ್ತೆ ಶುರುವಾದರೆ, ಇಲ್ಲವೇ ದಿನಕ್ಕೆ ನಾಲ್ಕೈದು ಬಾರಿ ಆದರೆ ಮತ್ತೆ ತೋರಿಸಬೇಕು. ದೊಡ್ಡಪ್ಪನ ಹೊಟ್ಟೆಯಲ್ಲಿ ಹೆಚ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕೂಡ ಸಿಕ್ಕಿತು. ಹುಣ್ಣಿಗೆ ನೋವಿನ ಮಾತ್ರೆಯಷ್ಟೇ ದೊಡ್ಡ ಕಾರಣ ಅದು. 14 ದಿನದ ಔಷಧಿ ಕೊಟ್ಟರು. ಆಸ್ಪಿರಿನ್ ಮೂರನೇ ದಿನ ಹೃದಯದ ಡಾಕ್ಟರೇ ಮತ್ತೆ ಶುರು ಮಾಡಿಸಿದರು, ಈ ಸಲ ಪ್ಯಾಂಟೊಪ್ರಜೋಲ್ ಜೊತೆಗೆ. ಡೈಕ್ಲೋಫೆನಾಕ್ ಮಾತ್ರ ಇನ್ನು ಎಂದಿಗೂ ಬೇಡ ಎಂದು ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು. ಮಂಡಿಗೆ ಈಗ ಪ್ಯಾರಾಸಿಟಮಾಲ್ ಮತ್ತು ವ್ಯಾಯಾಮ.

ಕೆಂಪು ಕಂಡರೆ

ಕೆಂಪು ಕಂಡ ತಕ್ಷಣ ಹಿಂದಿನ ದಿನ ಬೀಟ್‌ರೂಟ್ ಪಲ್ಯವೋ ಕೆಂಪು ಡ್ರ್ಯಾಗನ್ ಹಣ್ಣೋ ತಿಂದಿದ್ದಿರಾ ನೆನಪಿಸಿಕೊಳ್ಳಿ. ಅದಾದರೆ ಇಡೀ ಮಲಕ್ಕೆ ನೇರಳೆ ಕೆಂಪು ಬರುತ್ತದೆ, ಕೆಲವರ ಮೂತ್ರಕ್ಕೂ ಬರುತ್ತದೆ, ಒಂದೆರಡು ದಿನಕ್ಕೆ ಹೋಗುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಕೂಡ ಮೂತ್ರ, ಮಲಕ್ಕೆ ಕಿತ್ತಳೆ ಕೆಂಪು ಬಣ್ಣ ಕೊಡುತ್ತದೆ, ಹೆದರಬೇಕಿಲ್ಲ.

ರಕ್ತವೇ ಆದರೆ, ಅದು ಎಲ್ಲಿದೆ ಎಂದು ನೋಡಿ. ಮಲದ ಮೇಲೆ ಗೆರೆಯಂತೆ ಇದೆಯಾ, ಕೊನೆಯಲ್ಲಿ ತೊಟ್ಟು ತೊಟ್ಟಾಗಿ ಬೀಳುತ್ತದೆಯಾ, ಇಲ್ಲ ಮಲದ ಒಳಗೆ ಬೆರೆತಿದೆಯಾ? ಮೇಲೆ ಗೆರೆ ಇದ್ದು, ಹೋಗುವಾಗ ಬ್ಲೇಡಿನಲ್ಲಿ ಕೊಯ್ದಂತೆ ಉರಿ ನೋವಿದ್ದರೆ ಅದು ಹೆಚ್ಚಾಗಿ ಫಿಶರ್, ಅಂದರೆ ಗುದದ್ವಾರದ ಚರ್ಮ ಬಿರಿದಿರುವುದು. ಗಟ್ಟಿ ಮಲ ಇದಕ್ಕೆ ಕಾರಣ. ದಿನಕ್ಕೆ ಎರಡು ಮೂರು ಸಲ ಟಬ್ಬಿನ ಉಗುರುಬೆಚ್ಚಗಿನ ನೀರಿನಲ್ಲಿ 10 ನಿಮಿಷ ಕೂತು, ನೀರು, ಸೊಪ್ಪು, ಇಸಬ್‌ಗೋಲ್‌ನಿಂದ ಮಲ ಮೆತ್ತಗೆ ಮಾಡಿಕೊಂಡರೆ ಬಹಳ ಜನರಿಗೆ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ನೋವಿಲ್ಲದೆ ಅಚ್ಚ ಕೆಂಪು ರಕ್ತ ತೊಟ್ಟಿಕ್ಕಿದರೆ ಅಥವಾ ಚಿಮ್ಮಿದರೆ ಮೂಲವ್ಯಾಧಿ ಇರಬಹುದು.

ಇರಬಹುದು ಎಂದೆ, ಇದೆ ಎನ್ನಲಿಲ್ಲ. ನನಗೆ ಬಹಳ ಸಂಕಟ ಕೊಡುವ ಸಂಗತಿ ಇದು. ದೊಡ್ಡ ಕರುಳಿನ ಕ್ಯಾನ್ಸರಿನವರು ನಮ್ಮಲ್ಲಿಗೆ ಬಂದಾಗ, ಅವರ ಕತೆ ಎಷ್ಟೋ ಸಲ "ಪೈಲ್ಸ್ ಅಂತ ಒಂದು ವರ್ಷ ಔಷಧಿ ತಗೊಂಡೆ" ಎಂದೇ ಶುರುವಾಗುತ್ತದೆ. ಆ ಒಂದು ವರ್ಷದಲ್ಲಿ ಯಾರೂ ಕೈಗವಸು ಹಾಕಿ ಬೆರಳಿನಿಂದ ಒಳಗೆ ಮುಟ್ಟಿ ನೋಡಿರುವುದಿಲ್ಲ. ಒಂದು ನಿಮಿಷದ ಪರೀಕ್ಷೆ ಅದು. ಕೆಳಗಿರುವ ಗಡ್ಡೆ ಬೆರಳಿಗೇ ಸಿಗುತ್ತದೆ. ಮೂಲವ್ಯಾಧಿ ಮತ್ತು ಕ್ಯಾನ್ಸರ್ ಒಬ್ಬರಲ್ಲೇ ಎರಡೂ ಇರಬಹುದು, ಹಾಗಾಗಿ ಪೈಲ್ಸ್ ಕಂಡಿತು ಎಂಬುದೊಂದೇ ಉತ್ತರವಾಗುವುದಿಲ್ಲ. ರಕ್ತ ಮಲದೊಳಗೆ ಬೆರೆತಿದ್ದರೆ, ಕಡು ಕೆಂಪಾಗಿದ್ದರೆ, ಲೋಳೆ ಜೊತೆಗಿದ್ದರೆ, ಹೋಗಿ ಬಂದರೂ ಪೂರ್ತಿ ಆಗಲಿಲ್ಲ ಅನಿಸುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕೊಳವೆ ಹಾಕಿ ನೋಡುವ ಪರೀಕ್ಷೆ ಬೇಕು. ವಯಸ್ಸು 45 ದಾಟಿದವರು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆದವರು ಹೊಸದಾಗಿ ರಕ್ತ ಕಂಡರೆ ಈ ಯಾವ ಲಕ್ಷಣ ಇಲ್ಲದಿದ್ದರೂ ಡಾಕ್ಟರ ಹತ್ತಿರ ಅದರ ಬಗ್ಗೆ ಕೇಳಿ.

ಜ್ವರ, ಹೊಟ್ಟೆ ಮುರಿತದ ಜೊತೆ ರಕ್ತ, ಲೋಳೆ ಸೇರಿ ಪದೇಪದೇ ಆದರೆ ಅದು ಆಮಶಂಕೆ. ಇದಕ್ಕೆ ಭೇದಿ ನಿಲ್ಲಿಸುವ ಮಾತ್ರೆ ನುಂಗಬೇಡಿ. ಟೈಫಾಯ್ಡ್ ಜ್ವರ ಎರಡು ಮೂರು ವಾರ ಎಳೆದವರಲ್ಲಿ ಮಲದಲ್ಲಿ ರಕ್ತ ಬಂದರೆ ಅವತ್ತೇ ಆಸ್ಪತ್ರೆ ಸೇರಿಸಬೇಕು. ಕರುಳಿನ ಹುಣ್ಣು ಸೋರುತ್ತಿದೆ ಎಂದು ಅರ್ಥ. ಇನ್ನು ಆರೇಳು ತಿಂಗಳ ಕೂಸು ಬಿಟ್ಟು ಬಿಟ್ಟು ಕಾಲು ಮಡಚಿ ಚೀರಿ ಅಳುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ, ಆಮೇಲೆ ಜಾಮಿನಂಥ ಕೆಂಪು ಲೋಳೆ ಹೋದರೆ ಒಂದು ಗಂಟೆಯೂ ಕಾಯಬಾರದು. ಕರುಳಿನ ಒಂದು ಭಾಗ ಇನ್ನೊಂದರೊಳಗೆ ನುಗ್ಗಿ ಸಿಕ್ಕಿಕೊಂಡಿರುತ್ತದೆ.

ಬಿಳಿಚಿದ್ದರೆ

ಪಿತ್ತ ಕರುಳಿಗೆ ಇಳಿಯದಿದ್ದರೆ ಮಲಕ್ಕೆ ಬಣ್ಣ ಬರುವುದಿಲ್ಲ, ಜೇಡಿಮಣ್ಣಿನಂತೆ ಬೂದು ಬಿಳುಪಾಗುತ್ತದೆ. ಕರುಳಿಗೆ ಹೋಗಬೇಕಾದ ಪಿತ್ತ ರಕ್ತಕ್ಕೆ ತಿರುಗುವುದರಿಂದ ಮೂತ್ರ ಕಡು ಹಳದಿಯಾಗಿ ಕಷಾಯದ ಬಣ್ಣಕ್ಕೆ ಬರುತ್ತದೆ. ಕಣ್ಣು ಹಳದಿಯಾಗುತ್ತದೆ, ಮೈ ತುರಿಸುತ್ತದೆ. ಈ ಜೋಡಿಯನ್ನು ನೆನಪಿಡಿ: ಮಲ ಬಿಳಿಚು, ಮೂತ್ರ ಕಡು. ಒಂದೇ ಒಂದು ಸಲ ಸ್ವಲ್ಪ ತೆಳು ಬಣ್ಣ ಕಂಡು, ಮೂತ್ರ ಎಂದಿನಂತಿದ್ದರೆ ಎರಡು ದಿನ ನೋಡಬಹುದು. ಎಕ್ಸ್‌ರೇಗೆ ಬೇರಿಯಂ ಕುಡಿದವರಿಗೂ ಮಲ ಬಿಳಿಯಾಗುತ್ತದೆ.

ನಮ್ಮ ಕಡೆ ಕಣ್ಣು ಹಳದಿಯಾದರೆ ಮೊದಲು ನಾಟಿ ಔಷಧಿಗೆ ಓಡುತ್ತಾರೆ. ನೀರು, ಊಟದಿಂದ ಬರುವ ವೈರಸ್ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಅದರಲ್ಲೂ ಒಂದೆರಡು ವಾರ ಮಲ ಬಿಳಿಚಬಹುದು. ಔಷಧಿ ಕೊಟ್ಟವರಿಗೆ ಹೆಸರು ಬರುವುದು ಇದರಿಂದಲೇ. ಆದರೆ ಪಿತ್ತನಾಳಕ್ಕೆ ಕಲ್ಲು ಸಿಕ್ಕಿಕೊಂಡಿದ್ದರೆ, ಮೇದೋಜೀರಕ ಗ್ರಂಥಿಯ ಗಡ್ಡೆ ನಾಳವನ್ನು ಒತ್ತಿದ್ದರೆ ಯಾವ ಸೊಪ್ಪಿನ ರಸವೂ ಅದನ್ನು ಬಿಡಿಸುವುದಿಲ್ಲ. ಎರಡನ್ನೂ ಬೇರೆ ಮಾಡಿ ನೋಡಲು ಒಂದು ಲಿವರ್ ರಕ್ತಪರೀಕ್ಷೆ, ಒಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರೆ ಆರಂಭಕ್ಕೆ ಸಾಕು. ಬಿಳಿಚು ಮಲದ ಜೊತೆ ಚಳಿ ನಡುಕದ ಜ್ವರ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಇದ್ದರೆ ರಾತ್ರಿಯಾಗಿದ್ದರೂ ಹೊರಡಿ. ಕಟ್ಟಿಕೊಂಡ ನಾಳದಲ್ಲಿ ಕೀವಾಗಿರಬಹುದು. ವಯಸ್ಸಾದವರಲ್ಲಿ ನೋವೇ ಇಲ್ಲದೆ ದಿನದಿನಕ್ಕೆ ಏರುವ ಹಳದಿಯನ್ನೂ ಹಗುರವಾಗಿ ನೋಡಬೇಡಿ.

ಬಾಣಂತಿ ಮನೆಯಲ್ಲಿ ಬಟ್ಟೆ ಒಗೆಯುವ ಅಜ್ಜಿಯರಿಗೆ

ಹುಟ್ಟಿದ ಮೊದಲ ಎರಡು ಮೂರು ದಿನ ಮಗುವಿನ ಮಲ ಕಪ್ಪು ಹಸಿರಾಗಿ ಅಂಟಂಟಾಗಿ ಇರುತ್ತದೆ. ಅದು ಸಹಜ, ರಕ್ತವಲ್ಲ. ಆಮೇಲೆ ಎದೆಹಾಲಿನ ಮಗುವಿಗೆ ಸಾಸಿವೆ ಬಣ್ಣದ ಹಳದಿಗೆ ತಿರುಗುತ್ತದೆ. ಹಸಿರಾದರೂ ಚಿಂತೆ ಇಲ್ಲ. ನೋಡಬೇಕಾದ್ದು ಬಿಳಿ, ಬೂದು, ತೆಳು ಕೆನೆ ಬಣ್ಣವನ್ನು.

ಎಷ್ಟೋ ಶಿಶುಗಳಿಗೆ ಮೊದಲ ವಾರ ಕಾಮಾಲೆ ಬಂದು ಹೋಗುತ್ತದೆ. ಅದಕ್ಕೇ "ಎಳೆಬಿಸಿಲಿಗೆ ಹಿಡಿದರೆ ಹೋಗುತ್ತೆ" ಎಂಬ ಮಾತು ಎಲ್ಲ ಮನೆಯಲ್ಲೂ ಇದೆ. ಆದರೆ 14 ದಿನ ಕಳೆದರೂ ಕಣ್ಣು ಹಳದಿ ಇದ್ದರೆ ಬಿಸಿಲನ್ನು ನಂಬಿ ಕೂರಬಾರದು. ಕೆಲವು ಶಿಶುಗಳಲ್ಲಿ ಪಿತ್ತನಾಳವೇ ಮುಚ್ಚಿಹೋಗಿರುತ್ತದೆ. ಮಗು ಹಾಲು ಕುಡಿಯುತ್ತದೆ, ತೂಕವೂ ಮೊದಮೊದಲು ಬರುತ್ತದೆ, ನೋಡಲು ಆರೋಗ್ಯವಾಗಿಯೇ ಇರುತ್ತದೆ. ಒಳಗೆ ಲಿವರ್ ಹಾಳಾಗುತ್ತಿರುತ್ತದೆ. ಇದಕ್ಕೆ ಜಪಾನಿನ ಶಸ್ತ್ರವೈದ್ಯ ಮೊರಿಯೊ ಕಸಾಯಿ 1950ರ ದಶಕದಲ್ಲಿ ಕಂಡುಕೊಂಡ ಒಂದು ಶಸ್ತ್ರಚಿಕಿತ್ಸೆ ಇದೆ. ಕರುಳಿನ ಒಂದು ಭಾಗವನ್ನು ನೇರವಾಗಿ ಲಿವರಿನ ಬಾಯಿಗೆ ಜೋಡಿಸಿ ಪಿತ್ತಕ್ಕೆ ದಾರಿ ಮಾಡುತ್ತಾರೆ. ಮಗುವಿಗೆ 60 ದಿನ ತುಂಬುವ ಮೊದಲು ಮಾಡಿದರೆ ಗೆಲ್ಲುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ಕಡಿಮೆ, ಆಮೇಲೆ ಲಿವರ್ ಕಸಿಯೊಂದೇ ದಾರಿ. ತೈವಾನಿನಲ್ಲಿ 2004ರಿಂದ ಪ್ರತಿ ತಾಯಿಗೂ ಮಲದ ಬಣ್ಣಗಳನ್ನು ಮುದ್ರಿಸಿದ ಕಾರ್ಡು ಕೊಡುತ್ತಾರೆ. ಮಗುವಿನ ಬಟ್ಟೆಯನ್ನು ಅದರ ಪಕ್ಕ ಹಿಡಿದು ಹೋಲಿಸಿ ನೋಡುತ್ತಾರೆ, ಅಷ್ಟೆ.

ನಮ್ಮಲ್ಲಿ ಮಗುವಿನ ಬಟ್ಟೆಯನ್ನು ದಿನವೂ ನೋಡುವವರು ತವರಿನ ಅಜ್ಜಿ. ಅವರಿಗೆ ನಾನು ಹೇಳುವುದು ಎರಡು ಮಾತು. ಬಟ್ಟೆಯನ್ನು ಬಲ್ಬಿನ ಬೆಳಕಿನಲ್ಲಿ ನೋಡಬೇಡಿ, ಹಗಲು ಬೆಳಕಿಗೆ ತಂದು ನೋಡಿ. ಹಳದಿ ಬೆಳಕಿನಲ್ಲಿ ಬಿಳಿಚು ಕೂಡ ಹಳದಿಯಾಗಿ ಕಾಣುತ್ತದೆ. ಜೊತೆಗೆ ಮೂತ್ರದ ಕಲೆ ನೋಡಿ. ಎಳೆಕೂಸಿನ ಮೂತ್ರಕ್ಕೆ ಬಣ್ಣ ಇರುವುದಿಲ್ಲ ಎನ್ನುವಷ್ಟು ತಿಳಿಯಾಗಿರಬೇಕು. ಬಟ್ಟೆಯಲ್ಲಿ ಹಳದಿ ಕಲೆ ಉಳಿಯುತ್ತಿದ್ದರೆ, ಮಲ ಬಿಳಿಚಿದ್ದರೆ ಆ ಬಟ್ಟೆಯನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಕಾಮಾಲೆಯ ರಕ್ತಪರೀಕ್ಷೆಯಲ್ಲಿ ಒಟ್ಟು ಬಿಲಿರುಬಿನ್ ಮಾತ್ರವಲ್ಲ, ನೇರ ಬಿಲಿರುಬಿನ್ ಎಷ್ಟು ಎಂದೂ ಬರೆಸಿ. ರಿಪೋರ್ಟಿನಲ್ಲಿ ಅದನ್ನು ಡೈರೆಕ್ಟ್ ಎಂದು ಹಾಕಿರುತ್ತಾರೆ. ನಾಳ ಮುಚ್ಚಿರುವ ಸುಳಿವು ಸಿಗುವುದು ಆ ಸಂಖ್ಯೆಯಲ್ಲಿ. ಒಂದೂವರೆ ತಿಂಗಳ ಲಸಿಕೆಗೆ ಹೇಗೂ ಹೋಗುತ್ತೇವಲ್ಲ, ಆಗ ತೋರಿಸೋಣ ಎಂದು ಇಟ್ಟುಕೊಳ್ಳಬೇಡಿ. ಆ ಹೊತ್ತಿಗೆ 45 ದಿನ ಆಗಿರುತ್ತದೆ. ಪರೀಕ್ಷೆ, ಸ್ಕ್ಯಾನಿಂಗ್, ದೊಡ್ಡಾಸ್ಪತ್ರೆಯ ದಾರಿ ಎಲ್ಲಕ್ಕೂ ಆಗ ಉಳಿಯುವುದು ಎರಡೇ ವಾರ.